ಪಾಲಿನ ಕಾಗದ

ನನ್ನ ಗಂಡನ ಹೆಸರು ದಾಮೋದರ ಖಾರ್ವಿ. ಬಾಯಲ್ಲಿ ಹೇಳುವ ಅಭ್ಯಾಸ ನನಗಿಲ್ಲ, ಬರೆಯಲು ಅಡ್ಡಿಯಿಲ್ಲ. ಗಂಗೊಳ್ಳಿ ಬಂದರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವರು ತಾಂಡೇಲ. ಬೋಟು ಧಣಿಯದ್ದು, ಬಲೆ ಧಣಿಯದ್ದು. ಆದರೆ ಕಡಲಿಗೆ ಇಳಿದ ಮೇಲೆ ನಡೆಯುವುದು ತಾಂಡೇಲನ ಮಾತು. ಇವರದ್ದಂತೂ ಮಾತೂ ಅಲ್ಲ, ಬರೀ ಕೈ. ಬೋಟಿನ ಮುಂದಿನ ತುದಿಯಲ್ಲಿ ನಿಂತು, ನೀರಿನ ಬಣ್ಣ ನೋಡಿ ಕೈ ಎತ್ತಿದರೆ ಬಲೆ ಬೀಳಬೇಕು, ಇಳಿಸಿದರೆ ನಿಲ್ಲಬೇಕು. ಯಾಕೆ ಎಂದು ಕೇಳುವ ಕ್ರಮ ನಮ್ಮಲ್ಲಿಲ್ಲ. ಕೇಳಿದವನನ್ನು ಮರುದಿನ ಬೋಟಿಗೆ ಹತ್ತಿಸುವ ಕ್ರಮವೂ ಇಲ್ಲ.

ಮನೆಯಲ್ಲಿ ಮಾತ್ರ ಈ ದೊಡ್ಡಸ್ತಿಕೆ ನಡೆಯುತ್ತಿರಲಿಲ್ಲ. ನಾನು ಮೀನು ಮಾರುವ ಹೆಂಗಸು. ಕುಂದಾಪುರದ ಮಾರ್ಕೆಟ್ಟಿನಲ್ಲಿ ಬಾಯಿ ಇಲ್ಲದಿದ್ದರೆ ಬಂಗುಡೆ ಬುಟ್ಟಿಯಲ್ಲೇ ಕೊಳೆಯುತ್ತದೆ. ಅವರು ಸುಮ್ಮನಿದ್ದಷ್ಟೂ ನಾನು ಕೂಗುತ್ತೇನೆ, ನಾನು ಕೂಗಿದಷ್ಟೂ ಅವರು ಸುಮ್ಮನಾಗುತ್ತಾರೆ. ಹೀಗೇ ಸಂಸಾರ ಸಾಗಿತ್ತು. ಒಂದು ವಿಷಯದಲ್ಲಿ ಮಾತ್ರ ನಾನು ಅವರನ್ನು ನಂಬಿ ನಿಶ್ಚಿಂತೆಯಿಂದಿದ್ದೆ. ಎಂಥ ಗಾಳಿಗೆ ಸಿಕ್ಕಿದರೂ ಅವರು ತನ್ನ ಜನರನ್ನು ದಡಕ್ಕೆ ತಂದೇ ತರುತ್ತಿದ್ದರು. ಒಂದು ವರ್ಷ ಮಲ್ಪೆಯ ಆಚೆ ಎಂಜಿನ್ ಕೆಟ್ಟು ತೇಲುತ್ತಿದ್ದಾಗ, ಸಹಾಯಕ್ಕೆ ಬಂದ ಬೋಟಿಗೆ ಎಲ್ಲರನ್ನೂ ಹತ್ತಿಸಿ ಕೊನೆಗೆ ತಾನು ಹತ್ತಿದ್ದರು. ಅದನ್ನು ನನಗೆ ಹೇಳಿದ್ದು ಅವರಲ್ಲ, ಶೇಖರ.

ಶೇಖರ ಅವರ ಬೋಟಿನಲ್ಲಿ ಬಲೆ ಎಳೆಯುವ ಕಲಾಸಿ, ಬಲಗೈಯೆಂದರೂ ಸರಿ. ಅವನ ಹೆಂಡತಿ ಗುಲಾಬಿ ಮಾರ್ಕೆಟ್ಟಿನಲ್ಲಿ ನನ್ನ ಪಕ್ಕದಲ್ಲೇ ಬುಟ್ಟಿ ಇಟ್ಟು ಕೂರುವವಳು.

ಮೂರು ವರ್ಷದ ಹಿಂದೆ ಮೀನುಗಾರಿಕೆಯ ಮಳೆಗಾಲದ ರಜೆ ಮುಗಿಯುವ ಮೊದಲೇ ಧಣಿ ಬೋಟು ಮಾರಿಬಿಟ್ಟರು. ಕೊಂಡವರು ಕೇರಳದವರು, ತಮ್ಮದೇ ಜನ ತಂದರು. ತಾಂಡೇಲನೂ ಅವನ ತಂಡವೂ ದಡದ ಮೇಲೆ ಹರಿದ ಬಲೆ ಹೆಣೆಯುತ್ತ ಕೂತರು. ಅಲ್ಲಿಗೆ ಬಂದವನು ಏಜೆಂಟು. ಗಲ್ಫಿನಲ್ಲಿ ಮೀನು ಹಿಡಿಯುವ ಕೆಲಸ, ತಂಡಕ್ಕೆ ತಂಡವೇ ಬೇಕು, ತಾಂಡೇಲ ಒಪ್ಪಿದರೆ ಉಳಿದವರ ಹತ್ತಿರ ತಾನು ಮಾತಾಡುವ ಅಗತ್ಯವೇ ಇಲ್ಲ ಎಂದ. ನಮ್ಮ ಜನರ ಕ್ರಮ ಅವನಿಗೆ ಚೆನ್ನಾಗಿ ಗೊತ್ತಿತ್ತು. ಇವರು ತಲೆ ಆಡಿಸಿದರು. ಸಂಜೆಯೊಳಗೆ ಎಲ್ಲರ ಪಾಸ್‌ಪೋರ್ಟೂ ನಮ್ಮ ಮನೆಗೆ ಬಂದು ದೇವರ ಹಲಗೆಯ ಮೇಲೆ ಕೂತಿತು. ಒಬ್ಬನೂ ಸಂಬಳ ಎಷ್ಟು ಎಂದು ಕೇಳಿರಲಿಲ್ಲ.

ನಾನು ಕೇಳಿದೆ.

"ಸಂಬ್ಳ ಅಲ್ಲ ಹೆಣೆ, ಪಾಲು!" ಎಂದರು. ಅವರ ಮುಖ ಅಷ್ಟು ಅರಳಿದ್ದನ್ನು ಕಾಣದೆ ಎಷ್ಟೋ ಕಾಲವಾಗಿತ್ತು. "ಅಲ್ಲಿಯೂ ಪಾಲಿನ ಲೆಕ್ಕವೇ ಅಂಬ್ರ್. ನಾ ಎಂತ ಕೂಲಿಗ್ ಹೋಪವನಾ?"

ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮಲ್ಲಿ ತಿಂಗಳ ಸಂಬಳಕ್ಕೆ ಬೋಟು ಹತ್ತುವುದು ಮರ್ಯಾದೆಯ ಮಾತಲ್ಲ. ಮೀನು ಮಾರಿದ ಹಣದಲ್ಲಿ ಡೀಸೆಲ್ಲು, ಮಂಜುಗಡ್ಡೆ, ಅಕ್ಕಿಯ ಖರ್ಚು ಕಳೆದು, ಧಣಿಯ ಪಾಲು ತೆಗೆದು, ಉಳಿದದ್ದನ್ನು ಹಂಚಿಕೊಳ್ಳುವವನೇ ಮೀನುಗಾರ. ಆ ಒಂದು ಮಾತು ಕೇಳಿದ್ದೇ ತಡ, ಇವರಿಗೆ ಗಲ್ಫು ಕೂಡ ನಮ್ಮ ಬಂದರೇ ಆಗಿಬಿಟ್ಟಿತ್ತು.

ಏಜೆಂಟು ಕೊಟ್ಟ ಇಂಗ್ಲಿಷ್ ಕಾಗದವನ್ನು ಓದಿಸಿಕೊಳ್ಳಲು ನಾನೇ ಅವರನ್ನು ಹಿಲ್ಡಾ ಬಾಯಿಯ ಹತ್ತಿರ ಎಳೆದುಕೊಂಡು ಹೋದೆ. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಬಾಯಿ ಎಂದೇ ಕರೆಯುವುದು. ಇಗರ್ಜಿಯ ದಾರಿಯಲ್ಲಿ ಅವರದ್ದೊಂದು ಜೆರಾಕ್ಸ್ ಅಂಗಡಿ. ಗಲ್ಫಿನ ಒಂದು ಕಂಪೆನಿಯ ಆಫೀಸಿನಲ್ಲಿ ತುಂಬ ವರ್ಷ ಇದ್ದು ಬಂದವರು. ಊರಿನಿಂದ ಹೊರಡುವವರೆಲ್ಲ ಅವರಿಗೆ ಕಾಗದ ತೋರಿಸಿಯೇ ಹೋಗುತ್ತಾರೆ. ಹೋಗು ಎಂದಾಗಲಿ ಬೇಡ ಎಂದಾಗಲಿ ಅವರು ಯಾರಿಗೂ ಹೇಳುವುದಿಲ್ಲ. ಓದಿ, ಅರ್ಥ ಹೇಳಿ, ಆಮೇಲೆ ಕಾಗದವನ್ನು ತನ್ನ ಕೈಯಲ್ಲೇ ಹಿಡಿದುಕೊಂಡು, "ಈಗ ನೀನು ನಿನ್ನ ಮನೆಯವರಿಗೆ ಹೇಳು, ನಾನು ಕೇಳ್ತೇನೆ" ಎನ್ನುತ್ತಾರೆ. ಹೊರಡುವವನು ಅಷ್ಟನ್ನೂ ತನ್ನ ಬಾಯಿಂದ ಮನೆಯವರಿಗೆ ಹೇಳಿ ಮುಗಿಸುವವರೆಗೆ ಕಾಗದ ವಾಪಸು ಸಿಗುವುದಿಲ್ಲ. ಜೊತೆಗೆ ಮನೆಯವರಿಲ್ಲದಿದ್ದರೆ ಓದುವುದೇ ಇಲ್ಲ. ಹೆಂಗಸಿಗೆ ಸೊಕ್ಕು ಎಂದು ನಾನು ಅದುವರೆಗೆ ತಿಳಿದಿದ್ದೆ.

"ಎರಡು ಕಾಗದ ಉಂಟಲ್ಲ ತಾಂಡೇಲ್ರೆ?" ಎಂದರು ಬಾಯಿ, ಕನ್ನಡಕ ಏರಿಸಿ.

"ಮೊದ್ಲಿಂದು ಸರ್ಕಾರಕ್ಕೆ ತೋರ್ಸುಕೆ ಅಂಬ್ರ್. ಎರಡ್ನೇದೇ ನಮ್ದು."

ಬಾಯಿ ಮೊದಲನೆಯದನ್ನು ಓದಿದರು. ಅದು ಚಂದವಾಗಿತ್ತು. ತಿಂಗಳಿಗೆ ಒಂದೂವರೆ ಸಾವಿರ ರಿಯಾಲ್ ಸಂಬಳ, ಹೆಚ್ಚು ಹೊತ್ತು ದುಡಿದರೆ ಹೆಚ್ಚಿನ ಹಣ, ಊಟ, ದಡದ ಮೇಲೆ ಉಚಿತವಾಗಿ ಉಳಿಯುವ ರೂಮು, ಎರಡು ವರ್ಷ ಮುಗಿದ ಮೇಲೆ ಧಣಿಯ ಖರ್ಚಿನಲ್ಲೇ ವಿಮಾನದ ಟಿಕೆಟು. ಹತ್ತನೆಯ ಕ್ಲಾಸು ಪಾಸಾಗದವರು ಆ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಇಂಥ ಕಾಗದ ನೋಡಿಯೇ ಸರ್ಕಾರ ಒಪ್ಪಿಗೆ ಕೊಡುವುದು ಎಂದರು. ಆಮೇಲೆ ಎರಡನೆಯದನ್ನು ತೆಗೆದರು. ಅದರ ಮೊದಲ ಸಾಲಿಗೇ ಅವರ ಬೆರಳು ನಿಂತಿತು.

"ಇದಕ್ಕೆ ಸಹಿ ಹಾಕಿದ ಮೇಲೆ ಹಿಂದಿನ ಒಪ್ಪಂದ ಯಾವುದೂ ನಡೆಯುದಿಲ್ಲ, ಇದೇ ನಡೆಯುದು ಅಂತ ಬರ್ದಿದ್ದಾರೆ. ಅಂದ್ರೆ ಆ ಸಂಬಳ, ಆ ರೂಮು ಎಲ್ಲ ಹೋಯ್ತು."

"ಹೋಯ್ಲಿ. ನಮ್ಗೆ ಪಾಲ್ ಸಿಕ್ತಿತ್ತಲ್ಲ!"

ಬಾಯಿ ನಿಧಾನವಾಗಿ ಅರ್ಥ ಹೇಳಿದರು, ಇವರು ಗೋಣು ಹಾಕುತ್ತ ಹೋದರು. ನನಗೆ ಅರ್ಧ ತಲೆಗೆ ಹೋಯಿತು, ಅರ್ಧ ಹೋಗಲಿಲ್ಲ. ಕೊನೆಗೆ ಬಾಯಿ ಕಾಗದವನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ಕೈ ತೋರಿಸಿದರು.

"ಈಗ ಲೋಲಾಕ್ಷಿಗೆ ಹೇಳಿ."

ಇವರು ನಕ್ಕರು. "ಎಂತ ಬಾಯಮ್ಮ, ಶಾಲೆ ಮಕ್ಳ ಹಾಂಗೆ! ಸರಿ, ಕೇಣ್ ಹೆಣೆ. ಮೀನ್ ಮಾರಿದ್ ದುಡ್ಡಲ್ಲಿ ಖರ್ಚ್ ಕಳ್ದ್, ಅರ್ಧ ಧಣಿಗೆ, ಅರ್ಧ ನಮ್ಗೆ. ಆಯ್ತಾ?"

"ಖರ್ಚು ಅಂದ್ರೆ ಯಾವ್ಯಾವುದು? ನಾನು ಓದಿದ್ದು ಹೇಳಿ," ಎಂದರು ಬಾಯಿ.

"ಡೀಸೆಲ್ಲು, ಮಂಜು, ಊಟ... ಬಲೆ ಹರ್ದ್ರೆ ಅದ್ರ ಖರ್ಚ್. ಮತ್ತೆ ಅಲ್ಲಿ ಇಪ್ಪುಕೆ ಸರ್ಕಾರಕ್ಕೆ ಕಟ್ಟುದು."

"ಬಲೆ ಖರ್ಚ್ ನಿಮ್ದಾ?" ನಾನು ನಡುವೆ ಕೇಳಿದೆ. "ಇಲ್ಲಿ ಬಲೆ ಧಣಿದಲ್ದಾ?"

"ಅಲ್ಲಿ ಹಾಂಗಂಬ್ರ್, ಬಿಡ್."

"ಮೀನು ಸಿಕ್ಕದಿದ್ರೆ?" ಬಾಯಿಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

"ಸಿಕ್ಕದಿದ್ರೆ ಅವ್ರಿಗೂ ಇಲ್ಲ, ನಮ್ಗೂ ಇಲ್ಲ. ಪಾಲ್ ಅಂದ್ರೆ ಅಷ್ಟೇ ಅಲ್ದಾ? ಖಾಲಿ ಬೋಟಲ್ಲಿ ಬಂದದ್ ಇಲ್ವಾ ನಾವ್?"

"ನಾನು ಹಾಗೆ ಓದ್ಲಿಲ್ಲ ತಾಂಡೇಲ್ರೆ."

ಇವರ ನಗು ಅರ್ಧಕ್ಕೆ ನಿಂತಿತು. ಬಾಯಿ ಮತ್ತೊಮ್ಮೆ ಓದಿದರು. ಸಿಕ್ಕಿದ ಮೀನಿನ ಹಣ ಖರ್ಚಿಗೆ ಸಾಲದೆ ಹೋದರೆ, ಕಡಿಮೆ ಬಿದ್ದದ್ದು ಕೆಲಸಗಾರರ ಹೆಸರಿನಲ್ಲಿ ಬಾಕಿಯಾಗಿ ಮುಂದಿನ ತಿಂಗಳಿಗೆ ಹೋಗುತ್ತದೆ. ನಮ್ಮ ಧಣಿಗಳಲ್ಲಿ ಮೀನು ಸಿಗದ ದಿನದ ಡೀಸೆಲ್ಲು ಧಣಿಯ ತಲೆಗೆ. ಕಲಾಸಿ ಬರಿಗೈಯಲ್ಲಿ ಮನೆಗೆ ಬರುತ್ತಾನೆ, ಆದರೆ ಬರುತ್ತಾನೆ. ಪಾಲು ಎನ್ನುವ ಮಾತು ಕೇಳಿ ಇಷ್ಟನ್ನೂ ಇವರು ಮನಸ್ಸಿನಲ್ಲೇ ಬರೆದುಕೊಂಡಿದ್ದರು. ಕಾಗದದಲ್ಲಿ ಅದು ಇರಲಿಲ್ಲ.

"ಮುಂದೆ ಹೇಳಿ. ಉಳಿಯುದು ಎಲ್ಲಿ?"

"ಬೋಟಲ್ಲೇ." ಈಗ ಇವರು ನನ್ನ ಮುಖ ನೋಡುತ್ತಿರಲಿಲ್ಲ. "ಬೋಟಲ್ಲಿ ಮಲ್ಗುದ್ ನಂಗೆಂತ ಹೊಸ್ತಾ?"

"ಇಲ್ಲಿ ಹತ್ತು ದಿನ ಮಲಗಿ ಮನೆಗೆ ಬರ್ತೀರಿ. ಅಲ್ಲಿ ಎರಡು ವರ್ಷ ಅದೇ ಮನೆ. ಬೋಟು ರಿಪೇರಿಗೆ ಮೇಲೆ ಎಳೆದ್ರೆ? ಮೀನು ಹಿಡಿಯುದಕ್ಕೆ ಬಂದ್ ಇಟ್ಟ ತಿಂಗಳಲ್ಲಿ?"

"ದಡದಲ್ಲಿ ರೂಮ್ ಮಾಡ್ಕ್. ಬಾಡ್ಗೆ ನಮ್ದೇ."

"ಆ ತಿಂಗಳಲ್ಲಿ ಪಾಲು ಎಲ್ಲಿಂದ?"

ದುಡಿಯದ ತಿಂಗಳಲ್ಲೂ ಬಾಕಿ ಬೆಳೆಯುತ್ತದೆ ಎಂದು ಯಾರೂ ಹೇಳದೆಯೇ ನನಗೆ ಗೊತ್ತಾಯಿತು.

"ವಾಪಸು ಬರುದು ಯಾವಾಗ ಅಂತ ಹೆಂಡತಿಗೆ ಹೇಳಿ," ಎಂದರು ಬಾಯಿ.

"ಎರಡ್ ವರ್ಷ ಆದ್ಮೇಲೆ ಧಣಿ ಟಿಕೆಟ್ ಕೊಡ್ತ."

"ಪೂರ್ತಿ ಹೇಳಿ."

"...ಬಾಕಿ ಇಲ್ಲದಿದ್ರೆ."

"ಬಾಕಿ ಇದ್ರೆ?"

"ತೀರುವವರೆಗೆ ದುಡಿಯೂಕ್."

"ಮಧ್ಯದಲ್ಲಿ ಬಿಟ್ಟು ಬರ್ತೇನೆ ಅಂದ್ರೆ?"

"ಟಿಕೆಟ್ ನಮ್ದು. ಅವ್ರ್ ಕರ್ಸುಕೆ ಮಾಡಿದ್ ಖರ್ಚೂ ತುಂಬಿ ಕೊಡ್ಕ್. ಪಾಸ್‌ಪೋರ್ಟ್ ಧಣಿ ಹತ್ರ ಇಪ್ಪುದ್."

"ಹಾಂಗಾರೆ ನೀವ್ ಯಾವಾಗ ಬತ್ರಿ?" ಎಂದು ನಾನು ಕೇಳಿದೆ. ಜಗಳದ ದನಿಯಲ್ಲಿ ಕೇಳಬೇಕೆಂದಿದ್ದೆ, ಪಿಸುಮಾತಾಯಿತು. "ಹ್ವಾಯ್, ನಿಮ್ಮನ್ನೇ ಕೇಂಬುದ್. ಯಾವಾಗ ಬತ್ರಿ?"

ಗಾಳಿ ಬರುವ ದಿಕ್ಕನ್ನು ಮೂಗಿನಿಂದಲೇ ಹೇಳುವ ಮನುಷ್ಯ ಆ ಜೆರಾಕ್ಸ್ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತನ್ನ ಅಂಗೈ ನೋಡಿಕೊಂಡರು. ಮೀನು ಸಿಕ್ಕಿದರೆ ಬರುತ್ತೇನೆ, ಸಿಗದಿದ್ದರೆ ಇಲ್ಲ ಎಂದು ಹೆಂಡತಿಗೆ ಹೇಗೆ ಹೇಳುವುದು?

ಬಾಯಿ ಸರಕ್ಕನೆ ಪುಟ ತಿರುವಿದರು. ಅವರು ಏನನ್ನೋ ಹಾರಿಸಿದ್ದು ನನ್ನ ಕಣ್ಣಿಗೆ ಬಿತ್ತು. ತಕ್ಕಡಿ ಹಿಡಿದವರ ಕೈ ನೋಡಿಯೇ ನಾನು ಬದುಕಿದ್ದು.

"ಅದೆಂತ ಬಾಯಮ್ಮ, ಬಿಟ್ರಿ?"

"ಅದು... ಎಲ್ಲ ಕಾಗದದಲ್ಲೂ ಇರ್ತದೆ ಲೋಲಾಕ್ಷಿ. ಸತ್ರೆ ಎಂತ ಮಾಡುದು ಅಂತ. ಮೊದಲನೆಯದರಲ್ಲಿ ಧಣಿ ತನ್ನ ಖರ್ಚಲ್ಲಿ ದೇಹ ಊರಿಗೆ ಕಳಿಸ್ಬೇಕು ಅಂತ ಉಂಟು."

"ಇದ್ರಗೆ?"

ಬಾಯಿ ಇವರ ಕಡೆ ನೋಡಿದರು. ಕಾಗದವನ್ನು ಎತ್ತಿ ಓದುವ ಧೈರ್ಯ ಅವರಿಗೂ ಇರಲಿಲ್ಲ, ನೆನಪಿನಿಂದಲೇ ಹೇಳಿದರು. "ಅಲ್ಲೇ ಮಣ್ಣು ಮಾಡುದೋ, ಊರಿಗೆ ಕಳಿಸುದೋ, ಅದು ಧಣಿಯ ಇಷ್ಟ. ಕಳಿಸಿದ್ರೆ ಆ ಖರ್ಚೂ ಬಾಕಿಗೆ ಸೇರ್ತದೆ."

ಕಡಲಿನವರಿಗೆ ಸಾವು ಹೊಸತಲ್ಲ. ಆದರೆ ನಮ್ಮ ಹೆಂಗಸರು ಮೊದಲು ಕೇಳುವುದು ಒಂದೇ ಮಾತು: ಸಿಕ್ಕಿತಾ? ಸಿಕ್ಕಿದರೆ ಅಳಬಹುದು. ಸಿಗದಿದ್ದರೆ ದೇಹದ ಬದಲು ದರ್ಭೆಯ ಗೊಂಬೆ ಸುಟ್ಟು, ಆಮೇಲೂ ವರ್ಷಗಟ್ಟಲೆ ಬಾಗಿಲ ಸದ್ದಿಗೆ ಎದ್ದು ಕೂರಬೇಕು. ನನ್ನ ಮೈದುನ ಹಾಗೆ ಹೋದವನು. ಅತ್ತೆ ಸಾಯುವವರೆಗೂ ಅವನ ಊಟದ ಬಟ್ಟಲನ್ನು ಬೇರೆಯವರಿಗೆ ಕೊಡಲಿಲ್ಲ. ಹೇಳಲು ನಾಚಿಕೆಯಿಲ್ಲ, ಅಲ್ಲೇ ಕೂತು ಅತ್ತುಬಿಟ್ಟೆ.

ಇವರು ಫೋನು ತೆಗೆದು ಏಜೆಂಟಿಗೆ ಮಾಡಿದರು. ನಮಗೂ ಕೇಳಲಿ ಎಂದು ಮೇಜಿನ ಮೇಲಿಟ್ಟರು.

"ನಾವ್ ಮೊದ್ಲಿನ್ ಕಾಗ್ದಕ್ ಮಾತ್ರ ಸಹಿ ಹಾಕ್ತ್. ಸಂಬ್ಳವೇ ಸಾಕ್."

ಆ ಕಡೆಯಿಂದ ನಗು ಕೇಳಿತು. "ಏನ್ ತಾಂಡೇಲ್ರೆ, ಪಾಲು ಬಿಟ್ಟು ಸಂಬಳಕ್ಕೆ ಇಳಿದ್ರಾ? ಅದು ಆಫೀಸಿಗೆ ತೋರಿಸೋ ಕಾಗದ ಅಂತ ಹೇಳಿದ್ನಲ್ಲ. ಎರಡಕ್ಕೂ ಸಹಿ ಇಲ್ದಿದ್ರೆ ಟಿಕೆಟ್ ಇಲ್ಲ."

"ಬಾಕಿ ಇದ್ರೂ ಟಿಕೆಟ್ ಕೊಡ್ತ್ರ್ ಅಂತ ಒಂದ್ ಸಾಲ್ ಬರ್ದ್ ಕೊಡಿ ಹಾಂಗಾರೆ."

"ಅಲ್ಲ, ಬಾಕಿ ಬೀಳ್ಸೋಕೆ ನೀವೇನು ಮೀನು ಹಿಡಿಯಕ್ಕೆ ಬರ್ದೇ ಇರೋರಾ? ನಾಳೆ ಬೆಳಿಗ್ಗೆ ಬರ್ತೀನಿ, ಪಾಸ್‌ಪೋರ್ಟ್ ಎಲ್ಲ ರೆಡಿ ಇರ್ಲಿ."

ಫೋನು ನಿಂತಿತು. ಬಾಯಿ ತನ್ನ ಕಂಪ್ಯೂಟರಿನಲ್ಲಿ ಪರವಾನಗಿ ಇರುವ ಏಜೆಂಟರ ಸರ್ಕಾರದ ಪಟ್ಟಿ ತೆಗೆದು ಹುಡುಕಿದರು. ಅವನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. "ಈ ಎರಡನೇ ಕಾಗದ ನಮ್ಮ ಕಾನೂನಿಗೆ ನಿಲ್ಲುದಿಲ್ಲ. ಒಪ್ಪಿಗೆ ಕೊಡುವ ಬೆಂಗಳೂರಿನ ಆಫೀಸಿಗೆ ದೂರು ಕೊಟ್ರೆ ಇಲ್ಲೇ ತಡೀಬಹುದು," ಎಂದರು. "ಆದ್ರೆ ಅಲ್ಲಿ ನಡುಗಡಲಲ್ಲಿ ಕೂತು ಕಾನೂನು ಅಂತ ಯಾರಿಗೆ ಹೇಳ್ತೀರಿ?" ಗಲ್ಫಿನ ಆಫೀಸಿನಲ್ಲಿ ಕೂತು, ಹೀಗೆ ಸಿಕ್ಕಿಬಿದ್ದವರ ಫೋನಿಗೆ ಉತ್ತರ ಕೊಟ್ಟವರು ಅವರು. ಸೊಕ್ಕು ಎಂದು ನಾನು ತಿಳಿದಿದ್ದು ಭಯ.

ಆ ಸಂಜೆ ಇವರು ಎಲ್ಲ ಪಾಸ್‌ಪೋರ್ಟುಗಳನ್ನೂ ಎತ್ತಿಕೊಂಡು ಬಲೆ ಹೆಣೆಯುವ ಚಪ್ಪರಕ್ಕೆ ಹೋದರು. ನಾನೂ ಹಿಂದೆ ಹೋದೆ, ಬೇಡ ಎನ್ನಲಿಲ್ಲ. ತಂಡ ಪೂರ್ತಿ ಅಲ್ಲಿತ್ತು.

"ನಾ ಹೋತಿಲ್ಲ," ಎಂದರು.

ಯಾಕೆ ಎಂದು ಕೇಳುವ ಕ್ರಮ ಇಲ್ಲವಲ್ಲ. ಇವರು ಹಾಗೇ ತಿರುಗಿ ಬಂದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ತಾಂಡೇಲ ಇಲ್ಲ ಎಂದ ಕಡೆಗೆ ತಂಡವೂ ಹೋಗುತ್ತಿರಲಿಲ್ಲ. ಆದರೆ ಅವರು ಕೂತುಕೊಂಡು, ಮದುವೆಯಾದಂದಿನಿಂದ ನಾನು ಅವರ ಬಾಯಲ್ಲಿ ಕೇಳದಷ್ಟು ಮಾತನ್ನು ಆಡಿದರು. ಬಾಕಿ, ಬೋಟಿನ ಮನೆ, ಟಿಕೆಟು, ಹೆಣ, ಎಲ್ಲವನ್ನೂ ಹೇಳಿದರು. ಹೇಳಿ, "ನಂಗ್ ಹೆದ್ರಿಕಿ ಆಯ್ತ್ ಮಾರಾಯ್ರೆ," ಎಂದರು. ಪಾಸ್‌ಪೋರ್ಟುಗಳನ್ನು ಒಬ್ಬೊಬ್ಬರ ಕೈಗೇ ಕೊಟ್ಟರು. "ಇದ್ ನಿಮ್ ನಿಮ್ದು. ನಾ ಕೈ ಎತ್ತಿದೆ ಅಂದ್ಕಂಡ್ ಯಾರೂ ಹೋಪ್ದೂ ಬೇಡ, ನಿಂಬುದೂ ಬೇಡ. ಮನಿಯಲ್ಲಿ ಹೇಣ್ತಿ ಎದ್ರ್ ಕೂತ್ ಇಷ್ಟೂ ಹೇಳಿ, ಮತ್ತೆ ಎಂತ ಬೇಕೋ ಮಾಡಿ."

ನನಗೆ ಸಿಟ್ಟೇ ಬಂತು. ಬೇಡ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಹಿಲ್ಡಾ ಬಾಯಿಯ ಪಾಠವನ್ನು ತಾಂಡೇಲ ಮಾಡಲು ಹೋದರೆ ನಡೆಯುತ್ತದೆಯೇ?

ಶೇಖರ ಪಾಸ್‌ಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕ. "ಜೆರಾಕ್ಸ್ ಬಾಯಿ ಓದಿದ್ ಕೇಣಿ ನಮ್ ತಾಂಡೇಲ್ರಿಗೆ ಚಳಿಜ್ವರ ಬಂದಿತ್ ಕಾಣಿ! ಲೋಲಾಕ್ಷಕ್ಕ, ಸೆರಗಿಗ್ ಕಟ್ಟಿ ಇಟ್ಕಣಿ ಇವ್ರನ್ನ."

"ಬಾಯ್ ಮುಚ್ಚಾ ನೀ!" ಎಂದೆ. "ಗುಲಾಬಿಗ್ ಹೇಳ್ತ್ಯಾ ಇದೆಲ್ಲ? ಹೇಳ್ ಕಾಂಬ!"

"ಹೆಂಗ್ಸ್ರಿಗೆ ಎಂತ ಹೇಳುದ್," ಎಂದು ಎದ್ದ. ಅವನ ಹಿಂದೆ ಮತ್ತೆ ಮೂವರು ಎದ್ದರು. ತಂಡಕ್ಕೆ ತಾಂಡೇಲ ಬೇಕು, ಹೆದರಿದೆ ಎಂದವನು ತಾಂಡೇಲನಲ್ಲ. ಆ ಚಪ್ಪರದಲ್ಲಿ, ನನ್ನ ಕಣ್ಣೆದುರಿಗೇ, ಶೇಖರ ತಾಂಡೇಲನಾದ. ಮರುದಿನ ಏಜೆಂಟು ಬಂದಾಗ ಎರಡೂ ಕಾಗದಕ್ಕೆ ಅವನೇ ಮೊದಲು ಸಹಿ ಹಾಕಿದನಂತೆ. ಬಾಯಿ ಬೆಂಗಳೂರಿಗೆ ದೂರು ಬರೆದರು, ಅದಕ್ಕೆ ಇವರು ಸಹಿ ಹಾಕಿದರು. ಉತ್ತರ ಬರುವ ಮೊದಲೇ ಶೇಖರನೂ ಆ ಮೂವರೂ ಹೊರಟುಹೋಗಿದ್ದರು, ಯಾವ ದಾರಿಯಿಂದಲೋ ದೇವರೇ ಬಲ್ಲ.

ಇವರಿಗೆ ಈಗ ಬೋಟು ಕೊಡುವವರಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುವ ಬೇರೆಯವರ ಬೋಟಿನಲ್ಲಿ ಕಲಾಸಿಯಾಗಿ ಹೋಗುತ್ತಾರೆ, ತನಗಿಂತ ಚಿಕ್ಕವನು ಕೈ ಎತ್ತಿದಾಗ ಬಲೆ ಬಿಡುತ್ತಾರೆ. ಅದಕ್ಕೆ ನನಗೆ ದುಃಖವಿಲ್ಲ. ಸಂಜೆ ಮನೆಗೆ ಬರುತ್ತಾರೆ, ಗಂಜಿ ಊಟ ಮಾಡುತ್ತಾರೆ, ನಾನು ಕೂಗುತ್ತೇನೆ, ಅವರು ಸುಮ್ಮನಿರುತ್ತಾರೆ.

ಶೇಖರ ಮೊದಮೊದಲು ಗುಲಾಬಿಗೆ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ, ಆಮೇಲೆ ತಿಂಗಳಿಗೊಮ್ಮೆ. ಮೀನು ಕಡಿಮೆ ಎಂದನಂತೆ. ಬಲೆ ಹರಿಯಿತು ಎಂದನಂತೆ. ಎರಡು ವರ್ಷ ಮುಗಿದು ಮತ್ತೊಂದು ಮಳೆಗಾಲ ಕಳೆದಿದೆ. ಈಗ ಫೋನಿಲ್ಲ. ಹಿಲ್ಡಾ ಬಾಯಿ ಗುಲಾಬಿಯ ಪರವಾಗಿ ಅಲ್ಲಿನ ನಮ್ಮ ರಾಯಭಾರ ಕಚೇರಿಗೆ ಬರೆಯುತ್ತಲೇ ಇದ್ದಾರೆ.

ಮೊನ್ನೆ ಮಾರ್ಕೆಟ್ಟಿನಲ್ಲಿ ಬುಟ್ಟಿ ಖಾಲಿಯಾದ ಮೇಲೆ ಗುಲಾಬಿ ನನ್ನ ಪಕ್ಕಕ್ಕೆ ಸರಿದಳು. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ.

"ಲೋಲಕ್ಕ, ಒಂದ್ ಮಾತ್ ಕೇಣ್ತೆ, ಬೇಜಾರ್ ಮಾಡ್ಕಣ್ಬೇಡಿ," ಎಂದಳು. "ದಾಮಣ್ಣ ಹೋಯಿದ್ರೆ ಇವ್ರನ್ನೆಲ್ಲ ಕರ್ಕಂಡ್ ಬತ್ತಿದ್ರ್ ಅಲ್ದಾ?"

ಇಲ್ಲ, ಆ ಕಾಗದಕ್ಕೆ ಸಹಿ ಹಾಕಿದ ಮೇಲೆ ಯಾವ ತಾಂಡೇಲನಿಗೂ ಅದು ಸಾಧ್ಯವಿಲ್ಲ ಎಂದು ಹೇಳಬೇಕಿತ್ತು. ಅದು ಸತ್ಯ ಎಂದು ನನಗೆ ಗೊತ್ತು, ಹಿಲ್ಡಾ ಬಾಯಿಗೆ ಗೊತ್ತು. ಆದರೆ ನಾನು ಖಾಲಿ ಬುಟ್ಟಿಯನ್ನೇ ಒರೆಸುತ್ತ ಕೂತೆ. ಕರೆದುಕೊಂಡು ಬರುತ್ತಿದ್ದರು ಎಂದೇ ಗುಲಾಬಿ ನಂಬಿದ್ದಳು. ದೇವರಾಣೆ, ಆ ಹೊತ್ತಿನಲ್ಲಿ ನಾನೂ ಹಾಗೇ ನಂಬಿದ್ದೆ.

ಮನೆಗೆ ಬಂದಾಗ ಇವರು ಜಗಲಿಯಲ್ಲಿ ಬಲೆ ಹೆಣೆಯುತ್ತ ಕೂತಿದ್ದರು. ಗುಲಾಬಿ ಏನಾದರೂ ಅಂದಳಾ ಎಂದು ಕೇಳಿದರು. ಇಲ್ಲ ಎಂದೆ.